ಪರವೂರಿನ ಸಂದರ್ಶನ: ಓಡಾಟದ ಖರ್ಚು ಯಾರದು?

ಬೇರೆ ಊರಿನಲ್ಲಿ ಕೊನೆಯ ಸುತ್ತಿನ ಸಂದರ್ಶನಕ್ಕೆ ಕರೆದ ಮಾತ್ರಕ್ಕೆ ಖಾಸಗಿ ಕಂಪನಿ ಪ್ರಯಾಣ, ವಸತಿಯ ಖರ್ಚು ಕೊಡಲೇಬೇಕೆಂಬ ಕಾನೂನು ಭಾರತದಲ್ಲಿಲ್ಲ. ಸರ್ಕಾರಿ ನೇಮಕಾತಿಯಲ್ಲಾದರೆ ನಿಯಮ ಮೊದಲೇ ಬರೆದಿರುತ್ತದೆ. ಯುಪಿಎಸ್‌ಸಿಯ ವ್ಯಕ್ತಿತ್ವ ಪರೀಕ್ಷೆಗೆಂದು ದೆಹಲಿಗೆ ವಿಮಾನದಲ್ಲಿ ಹೋದರೂ ವಾಪಸ್ ಸಿಗುವುದು ರೈಲಿನ ಸ್ಲೀಪರ್ ದರ್ಜೆಯ ದರದಷ್ಟೇ. ಖಾಸಗಿ ಕಂಪನಿಗಳಲ್ಲಿ ಕೆಲವು ತಾವೇ ಟಿಕೆಟ್ ಮಾಡಿಸಿಕೊಡುತ್ತವೆ, ಕೆಲವು ಬಿಲ್ ನೋಡಿ ಹಣ ಕೊಡುತ್ತವೆ, ಉಳಿದವು ಏನೂ ಕೊಡುವುದಿಲ್ಲ. ಯಾವುದು ಎಂಬುದು ಕೇಳದೆ ಗೊತ್ತಾಗುವುದಿಲ್ಲ.

ಕೇಳಲು ಸರಿಯಾದ ಹೊತ್ತು ಸಂದರ್ಶನದ ದಿನ ಗೊತ್ತುಮಾಡುವಾಗ, ಅಂದರೆ ‘ಬರುತ್ತೇನೆ’ ಎಂದು ಒಪ್ಪಿ ಟಿಕೆಟ್ ಕೊಳ್ಳುವುದಕ್ಕಿಂತ ಮೊದಲು. ಕೇಳಬೇಕಾದದ್ದು ರಿಕ್ರೂಟರ್ ಅನ್ನು, ಸಂದರ್ಶನ ಮಾಡುವವರನ್ನಲ್ಲ. ನಡುವೆ ಕನ್ಸಲ್ಟೆನ್ಸಿ ಇದ್ದರೆ ಅವರ ಬಾಯಿಮಾತು ಸಾಲದು. ಕಂಪನಿಯ ಎಚ್‌ಆರ್ ವಿಭಾಗದಿಂದಲೇ ಮೇಲ್ ತರಿಸಿಕೊಡಲು ಹೇಳಬೇಕು. ಇದಕ್ಕೆ ಕಾರಣವಿದೆ. ರಿಕ್ರೂಟರ್ ಫೋನಿನಲ್ಲಿ ‘ಕೊಡ್ತೀವಿ, ಬನ್ನಿ’ ಎನ್ನಬಹುದು, ಆದರೆ ಹಣ ಬಿಡುಗಡೆ ಮಾಡುವುದು ಅಕೌಂಟ್ಸ್ ವಿಭಾಗ. ಅಲ್ಲಿ ಕುಳಿತವರಿಗೆ ಅಭ್ಯರ್ಥಿ ಯಾರೆಂದೇ ಗೊತ್ತಿರುವುದಿಲ್ಲ. ಅವರು ನೋಡುವುದು ಒಪ್ಪಿಗೆಯ ಮೇಲ್ ಮತ್ತು ಬಿಲ್ ಎರಡನ್ನೇ.

ಮಂಗಳೂರಿನ ಅಭ್ಯರ್ಥಿಗೆ ಚೆನ್ನೈಯಲ್ಲಿ ಬುಧವಾರ ಬೆಳಿಗ್ಗೆ 10 ಗಂಟೆಗೆ ಸಂದರ್ಶನ ಎಂದಿಟ್ಟುಕೊಳ್ಳೋಣ. ಮಂಗಳವಾರ ಮಧ್ಯಾಹ್ನ ಮಂಗಳೂರು ಬಿಡುವ ಚೆನ್ನೈ ಮೇಲ್ ಹತ್ತಿದರೆ ಮರುದಿನ ನಸುಕಿನಲ್ಲಿ ಚೆನ್ನೈ ಸೆಂಟ್ರಲ್. ಆದರೆ ಹೋಟೆಲ್‌ಗಳಲ್ಲಿ ಚೆಕ್-ಇನ್ ಸಾಮಾನ್ಯವಾಗಿ ಮಧ್ಯಾಹ್ನ 12ಕ್ಕೋ 2ಕ್ಕೋ. ಕಂಪನಿ ಬುಧವಾರಕ್ಕೆ ರೂಮ್ ಬುಕ್ ಮಾಡಿದ್ದರೆ ಸ್ನಾನ ಮಾಡಿ ಬಟ್ಟೆ ಬದಲಿಸುವ ಹೊತ್ತಿಗೆ ಆ ರೂಮ್ ಸಿಗದು. ಪ್ರಯಾಣದ ಈ ಲೆಕ್ಕ ರಿಕ್ರೂಟರ್‌ಗೆ ತಾನಾಗಿ ಹೊಳೆಯುವುದಿಲ್ಲ, ಹೇಳಬೇಕು. ಮೇಲ್‌ನಲ್ಲಿ ಇಷ್ಟಿದ್ದರೆ ಸಾಕು:

‘ಬುಧವಾರ 10 ಗಂಟೆಯ ಸಂದರ್ಶನಕ್ಕೆ ಮಂಗಳೂರಿನಿಂದ ಬರುತ್ತೇನೆ. ಟಿಕೆಟ್ ಮತ್ತು ವಸತಿಯನ್ನು ಕಂಪನಿ ಬುಕ್ ಮಾಡುತ್ತದೆಯೇ, ನಾನು ಮಾಡಿ ಬಿಲ್ ಕೊಡಬೇಕೇ? ನಾನೇ ಮಾಡುವುದಾದರೆ ಯಾವ ದರ್ಜೆ, ಎಷ್ಟು ಮಿತಿ? ರೈಲು ಬೆಳಗಿನ ಜಾವ ತಲುಪುವುದರಿಂದ ಮಂಗಳವಾರ ರಾತ್ರಿಯಿಂದಲೇ ರೂಮ್ ಬೇಕಾಗುತ್ತದೆ, ಇಲ್ಲವೇ ಬೇಗ ಚೆಕ್-ಇನ್ ಸಿಗಬೇಕು. ದಯವಿಟ್ಟು ತಿಳಿಸಿ.’

ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ದಿನವೂ ಅಭ್ಯರ್ಥಿಗಳನ್ನು ಕರೆಸುವವರಿಗೆ ಇದು ಕಚೇರಿಯ ಮಾಮೂಲಿ ಪ್ರಶ್ನೆ.

ಬರುವ ಉತ್ತರವನ್ನು ಮಾತ್ರ ನಿಧಾನವಾಗಿ ಓದಬೇಕು. ‘ಹೋಟೆಲ್‌ಗೆ 3,000 ರೂಪಾಯಿವರೆಗೆ’ ಎಂದಿದ್ದರೆ ಜಿಎಸ್‌ಟಿ ಅದರೊಳಗೋ ಹೊರಗೋ ಎಂದು ಕೇಳಿಕೊಳ್ಳಬೇಕು. ಆಯ್ಕೆಯಾಗಿ ಕೆಲಸಕ್ಕೆ ಸೇರಿದವರಿಗೆ ಮಾತ್ರ ಹಣ ಕೊಡುವ ಕಂಪನಿಗಳೂ ಇವೆ. ಆ ಷರತ್ತು ಇದೆಯೇ ಎಂಬುದು ಮೊದಲೇ ತಿಳಿಯಬೇಕು. ಸಂದರ್ಶನ ಮುಂದಕ್ಕೆ ಹೋದರೆ ನಷ್ಟ ಯಾರದೆಂಬುದೂ ಅಷ್ಟೇ ಮುಖ್ಯ. ಖಚಿತವಾದ ತತ್ಕಾಲ್ ಟಿಕೆಟನ್ನು ಪ್ರಯಾಣಿಕ ತಾನಾಗಿ ರದ್ದು ಮಾಡಿದರೆ ರೈಲ್ವೆ ಹಣ ಮರಳಿಸುವುದಿಲ್ಲ. ಎರಡು ದಿನ ಮೊದಲು ಕರೆದು, ಹಿಂದಿನ ಸಂಜೆ ‘ಮುಂದಿನ ವಾರ ಬನ್ನಿ’ ಎನ್ನುವ ಕಡೆ ಪೂರ್ತಿ ದುಡ್ಡು ಹೋಗುವುದು ಹೀಗೆ. ಏನೂ ಕೊಡುವುದಿಲ್ಲ ಎಂಬ ಉತ್ತರ ಬಂದರೆ ಆ ಸುತ್ತನ್ನು ವಿಡಿಯೋ ಮೂಲಕ ನಡೆಸಬಹುದೇ ಎಂದು ಕೇಳುವುದು ನ್ಯಾಯವೇ.

ಕ್ಲೇಮು ತಿರಸ್ಕಾರವಾಗುವುದು ಬಹುತೇಕ ಕಾಗದದ ಕೊರತೆಯಿಂದ. ಹೋಟೆಲ್ ಬಿಲ್ ಕಂಪನಿಯ ಹೆಸರು, ಜಿಎಸ್‌ಟಿ ಸಂಖ್ಯೆಯೊಂದಿಗೆ ಬೇಕಿದ್ದರೆ ಅದನ್ನು ಚೆಕ್-ಇನ್ ಆಗುವಾಗಲೇ ಕೌಂಟರಿನಲ್ಲಿ ಹೇಳಬೇಕು. ಬಿಲ್ ಆದ ಮೇಲೆ ತಿದ್ದಿಸುವುದು ಕಷ್ಟ. ವಿಮಾನವಾದರೆ ಬೋರ್ಡಿಂಗ್ ಪಾಸ್, ರೈಲಾದರೆ ಇ-ಟಿಕೆಟ್, ಕ್ಯಾಬ್‌ಗೆ ಆ್ಯಪ್‌ನ ರಸೀದಿ ಇಟ್ಟುಕೊಳ್ಳಬೇಕು. ರಸ್ತೆಯಲ್ಲಿ ಕೈತೋರಿಸಿ ಹತ್ತಿದ ಆಟೋಗೆ ಬಿಲ್ ಇರುವುದಿಲ್ಲವಾದ್ದರಿಂದ ಆ ಹಣ ಹೆಚ್ಚಿನ ಕಡೆ ಕೈಬಿಟ್ಟಂತೆಯೇ. ಇವುಗಳ ಜೊತೆ ಪ್ಯಾನ್ ಪ್ರತಿ ಮತ್ತು ರದ್ದುಮಾಡಿದ ಚೆಕ್ ಕೇಳುವುದುಂಟು, ಹಣ ಖಾತೆಗೆ ಹಾಕಬೇಕಲ್ಲ. ವಾರಗಳು ಕಳೆದರೂ ಹಣ ಬಾರದಿದ್ದರೆ ಹೊಸ ಮೇಲ್ ಬರೆಯದೆ ಒಪ್ಪಿಗೆಯಿದ್ದ ಹಳೆಯ ಮೇಲ್‌ಗೇ ಉತ್ತರವಾಗಿ ವಿಚಾರಿಸಿದರೆ ದಾಖಲೆ ಒಂದೇ ಕಡೆ ಇರುತ್ತದೆ.

ಇದೇ ವಿಷಯ ಹಿಡಿದು ಮೋಸ ಮಾಡುವವರೂ ಇದ್ದಾರೆ. ‘ವಿಮಾನ ಟಿಕೆಟ್, ಹೋಟೆಲ್ ನಮ್ಮದೇ; ಆಮೇಲೆ ವಾಪಸ್ ಕೊಡುವ ಠೇವಣಿ ಮೊದಲು ಕಟ್ಟಿ’ ಎಂದು ದೊಡ್ಡ ಕಂಪನಿಯ ಹೆಸರಿನಲ್ಲಿ ಪತ್ರ ಬರುತ್ತದೆ; ಕಳಿಸಿದ ವಿಳಾಸ ನೋಡಿದರೆ ಕಂಪನಿಯದ್ದಲ್ಲ, ಯಾರು ಬೇಕಾದರೂ ತೆರೆಯಬಹುದಾದ ಮೇಲ್ ಖಾತೆ. ಸಂದರ್ಶನಕ್ಕೆ ಕರೆಯುವ ನಿಜವಾದ ಕಂಪನಿ ಅಭ್ಯರ್ಥಿಯಿಂದ ಠೇವಣಿ ಕಟ್ಟಿಸಿಕೊಳ್ಳುವುದಿಲ್ಲ. ಅಂಥ ಪತ್ರ ಬಂದರೆ ಹಣ ಕಟ್ಟದೆ 1930ಕ್ಕೆ ದೂರು ಕೊಡಬಹುದು. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ.