ಪ್ರಶಸ್ತಿಯೂ ಚತುಸ್ಸೀಮೆಯೂ: ಪತ್ರಾಗಾರ ವೃತ್ತಿಯ ಪರಿಚಯಗಳನ್ನು ತುಲನೆಮಾಡಿ ಓದುವ ಕ್ರಮ

ಇತಿಹಾಸದಲ್ಲಿ ಎಂ.ಎ. ಪದವಿಯನ್ನು ಪಡೆದು ಪತ್ರಾಗಾರಗಳಲ್ಲಿ ಉದ್ಯೋಗವನ್ನರಸುವ ವಿದ್ಯಾರ್ಥಿಗಳು ಲಿಂಕ್ಡ್‌ಇನ್ ಮೊದಲಾದ ಜಾಲತಾಣಗಳಲ್ಲಿ ತಮ್ಮ ವೃತ್ತಿಪರಿಚಯವನ್ನು, ಎಂದರೆ ಪ್ರೊಫೈಲನ್ನು, ಬರೆದಿಡುವುದು ಈಗ ರೂಢಿಯಾಗಿದೆ. ಅಭ್ಯರ್ಥಿಗಳನ್ನು ಅಲ್ಲಿ ಹುಡುಕುವ ಸಂಸ್ಥೆಗಳು ಸಾಮಾನ್ಯವಾಗಿ ತಮಗೆ ಬೇಕಾದ ಕೆಲವು ಪದಗಳನ್ನು ಕೊಟ್ಟು, ಆ ಪದಗಳುಳ್ಳ ಪರಿಚಯಗಳನ್ನು ಮೊದಲು ತರಿಸಿಕೊಂಡು ನೋಡುತ್ತವೆ. 'ಇತಿಹಾಸದಲ್ಲಿ ಅಪಾರವಾದ ಆಸಕ್ತಿಯುಳ್ಳವನು' ಎಂದಷ್ಟೇ ಬರೆದುಕೊಂಡವನು, ಎಷ್ಟೇ ಯೋಗ್ಯನಾಗಿದ್ದರೂ, ಅಂತಹ ಹುಡುಕಾಟದಲ್ಲಿ ಕಣ್ಣಿಗೆ ಬೀಳುವ ಸಂಭವ ಕಡಿಮೆ. ಇದನ್ನರಿತ ಕೆಲವರು, ಈಗಾಗಲೇ ಹುದ್ದೆಯಲ್ಲಿರುವ ಯಾರೋ ಒಬ್ಬರ ಪರಿಚಯವನ್ನು ಎದುರಿಗಿಟ್ಟುಕೊಂಡು ಅದರ ವಾಕ್ಯಗಳನ್ನೇ ತಮ್ಮದಾಗಿಸಿಕೊಳ್ಳುವರು. ನಾನು ಬಲ್ಲ ವಿದ್ಯಾರ್ಥಿಯೊಬ್ಬನು ಹೀಗೆ ಮಾಡಿ, ISAD(G) ಎಂಬ ಅಂತರರಾಷ್ಟ್ರೀಯ ಸೂತ್ರದಂತೆ ದಾಖಲೆಗಳನ್ನು ವರ್ಣಿಸಿರುವುದಾಗಿ ಬರೆದುಕೊಂಡಿದ್ದನು. ಸಂದರ್ಶನದಲ್ಲಿ ಅವನನ್ನು ಕೇಳಿದ ಮೊದಲನೆಯ ಪ್ರಶ್ನೆ, 'ಯಾವ ಸ್ತರದ ವರ್ಣನೆಯನ್ನು ಮಾಡಿದಿರಿ?' ಎಂಬುದು. ಇಡೀ ಸಂಗ್ರಹಕ್ಕೊಂದು, ಅದರ ಶ್ರೇಣಿಗಳಿಗೊಂದು, ಕಡತಕ್ಕೊಂದು, ಬಿಡಿಪತ್ರಕ್ಕೊಂದು ಎಂಬಂತೆ ವರ್ಣನೆ ಸ್ತರಸ್ತರವಾಗಿ ಇಳಿಯುತ್ತದೆ ಎಂಬುದೇ ಆ ಸೂತ್ರದ ಜೀವಾಳ. ಅದು ಅವನಿಗೆ ತಿಳಿದಿರಲಿಲ್ಲ. ಅಲ್ಲಿಗೆ ಸಂದರ್ಶನ ಮುಗಿದಂತಾಯಿತು.

ಹಾಗಾದರೆ ಇತರರ ಪರಿಚಯಗಳನ್ನು ಓದಲೇಬಾರದೆ? ಓದಬೇಕು, ಆದರೆ ಒಂದನ್ನಲ್ಲ, ಹಲವನ್ನು ಒಟ್ಟಿಗೆ ಓದಬೇಕು. ಈ ವಿಧಾನ ಇತಿಹಾಸದ ವಿದ್ಯಾರ್ಥಿಗೆ ಹೊಸದೇನೂ ಅಲ್ಲ. ನಮ್ಮ ನಾಡಿನ ದಾನಶಾಸನಗಳನ್ನು ಸಾಲಾಗಿ ಓದಿದವರಿಗೆ ಅವುಗಳ ಅಂಗಗಳು ಪರಿಚಿತವೇ ಆಗಿವೆ: ಮಂಗಳಾಚರಣೆ, ಅರಸನ ಪ್ರಶಸ್ತಿ, ಕಾಲನಿರ್ದೇಶ, ದಾನದ ವಿವರ, ಭೂಮಿಯ ಚತುಸ್ಸೀಮೆ, ಕಡೆಗೆ ಶಾಪಾಶಯ. ಅಂಗಗಳ ಈ ಕ್ರಮವನ್ನು ಅನುಸರಿಸಿದ ಲೇಖಕನನ್ನು ನಾವು ಕೃತಿಚೋರನೆನ್ನುವುದಿಲ್ಲ. ಅದು ಆ ಪ್ರಕಾರದ ಸಮಾನಸ್ವತ್ತು. ಆದರೆ ಚತುಸ್ಸೀಮೆ ಮಾತ್ರ ಒಂದು ದಾನಕ್ಕೆ ಇದ್ದಂತೆ ಇನ್ನೊಂದಕ್ಕೆ ಇರಲಾರದು. ಮೂಡಣ ದಿಕ್ಕಿನ ಹಳ್ಳ, ತೆಂಕಣ ದಿಕ್ಕಿನ ನೆಟ್ಟ ಕಲ್ಲು, ಇವು ಆ ಒಂದು ಹೊಲಕ್ಕೆ ಮಾತ್ರ ಸಲ್ಲುವುವು. ವೃತ್ತಿಪರಿಚಯವೂ ಹೀಗೆಯೇ. ಅದರ ಅಂಗವಿನ್ಯಾಸವೂ ವೃತ್ತಿಯ ಪರಿಭಾಷೆಯೂ ಎಲ್ಲರಿಗೂ ಸೇರಿದುವು. ಅದರೊಳಗಿನ ಸಂಗತಿಗಳೂ ಅವುಗಳನ್ನು ಹೇಳುವ ವಾಕ್ಯಗಳೂ ಬರೆದವನಿಗೆ ಮಾತ್ರ ಸೇರಿದುವು. ತುಲನೆಯ ಪ್ರಯೋಜನವೆಂದರೆ ಈ ಎರಡನ್ನೂ ಬೇರ್ಪಡಿಸಿ ತೋರಿಸುವುದು. ಒಂದೇ ಪರಿಚಯವನ್ನು ಓದಿದವನಿಗೆ ಇವುಗಳಲ್ಲಿ ಯಾವುದು ಯಾವುದೆಂದು ತಿಳಿಯುವ ದಾರಿಯಿಲ್ಲ.

ಈಗ ಕ್ರಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಇಲ್ಲಿ ಬರುವ ಸಂಖ್ಯೆಗಳು ವಿಧಾನವನ್ನು ವಿಶದಪಡಿಸಲು ಮಾತ್ರ. ವಿದ್ಯಾರ್ಥಿನಿಯೊಬ್ಬಳು ಸಂಶೋಧನಾ ಸಂಸ್ಥೆಯೊಂದರ ಪತ್ರಾಗಾರದಲ್ಲಿ ಸಹಾಯಕ ಆರ್ಕಿವಿಸ್ಟ್ ಆಗಬಯಸುವಳು. ಅವಳು ಅದೇ ಬಗೆಯ ಹುದ್ದೆಯಲ್ಲಿರುವವರ 12 ಪರಿಚಯಗಳನ್ನು ಆರಿಸಿಕೊಳ್ಳುವಳು. ಆರಿಸುವಾಗ ಗಮನಿಸತಕ್ಕದ್ದು ಬರವಣಿಗೆಯ ಸೊಗಸನ್ನಲ್ಲ. ಆ ವ್ಯಕ್ತಿ ನಿಜವಾಗಿಯೂ ಆ ಹುದ್ದೆಯನ್ನು ಪಡೆದಿರುವನೇ, ಕಳೆದ ಕೆಲವು ವರ್ಷಗಳೊಳಗೆ ಪಡೆದಿರುವನೇ ಎಂಬುದನ್ನು. ಇಪ್ಪತ್ತು ವರ್ಷಗಳ ಅನುಭವವುಳ್ಳ ಮುಖ್ಯಸ್ಥರ ಪರಿಚಯ ಅವರು ಈಗ ಏನಾಗಿರುವರೆಂಬುದನ್ನು ಹೇಳುತ್ತದೆಯೇ ಹೊರತು, ಹುದ್ದೆಗೆ ಸೇರಿದಾಗ ಅವರ ಕೈಯಲ್ಲಿ ಏನಿತ್ತೆಂಬುದನ್ನು ಹೇಳುವುದಿಲ್ಲ. ಅಂತಹವರ ಪರಿಚಯವನ್ನು ಓದಬೇಕಾದರೆ, ಅನುಭವದ ಪಟ್ಟಿಯ ಕೆಳತುದಿಯಲ್ಲಿರುವ ಅವರ ಮೊದಲ ಹುದ್ದೆಯನ್ನು ನೋಡಬೇಕು.

ಎರಡನೆಯ ಹೆಜ್ಜೆ ಸಾಕ್ಷಿಗಳ ಗಣನೆ. ಗ್ರಂಥಸಂಪಾದನೆಯಲ್ಲಿ ಒಂದೇ ಮಾತೃಕೆಯಿಂದ ಇಳಿದ ಹತ್ತು ಹಸ್ತಪ್ರತಿಗಳು ಒಂದು ಪಾಠವನ್ನು ಒಮ್ಮತದಿಂದ ಕೊಟ್ಟರೂ ಅವು ಹತ್ತು ಸಾಕ್ಷಿಗಳಾಗವು, ಒಂದೇ ಸಾಕ್ಷಿ. ನಮ್ಮ 12 ಮಂದಿಯಲ್ಲಿ 4 ಮಂದಿ ಒಂದೇ ಸಂಸ್ಥೆಯವರಾಗಿದ್ದು, ಉಳಿದ 8 ಮಂದಿ ಬೇರೆ ಬೇರೆ ಸಂಸ್ಥೆಗಳವರಾಗಿದ್ದಾರೆಂದು ಇಟ್ಟುಕೊಳ್ಳೋಣ. ಆ ನಾಲ್ವರೂ ತಮ್ಮನ್ನು 'ಸಂಸ್ಥೆಯ ಸ್ಮೃತಿಯ ರಕ್ಷಕರು' ಎಂದು ಕರೆದುಕೊಂಡಿದ್ದರೆ, ಅದು ವೃತ್ತಿಯ ಪರಿಭಾಷೆಯಲ್ಲ. ಆ ಸಂಸ್ಥೆಯ ಯಾವುದೋ ಪ್ರಕಟಣೆಯಿಂದ ನಾಲ್ವರೂ ಎತ್ತಿಕೊಂಡ ಮಾತಾಗಿರಬಹುದು. ಆದುದರಿಂದ ನಾಲ್ವರನ್ನು ಒಂದಾಗಿ ಎಣಿಸಿ, ಒಟ್ಟು 9 ಸ್ವತಂತ್ರ ಸಾಕ್ಷಿಗಳೆಂದು ಹಿಡಿಯತಕ್ಕದ್ದು. ಬೇರೆ ಬೇರೆ ಕಡೆ ದುಡಿಯುವವರು ಒಬ್ಬರನ್ನೊಬ್ಬರು ನೋಡದೆ ಬಳಸಿದ ಪದವೇ ನಿಜವಾದ ಕೀಲಿಪದ.

ಮೂರನೆಯದು ಕೋಷ್ಟಕ. ಲಿಂಕ್ಡ್‌ಇನ್‌ನಲ್ಲಿ ಹೆಸರಿನ ಕೆಳಗೆ ಒಂದು ತಲೆಬರಹವಿರುತ್ತದೆ; ಅದಕ್ಕೆ ಸದ್ಯ 220 ಅಕ್ಷರಗಳ ಮಿತಿ. 'About' ಎಂಬ ಆತ್ಮಪರಿಚಯದ ಭಾಗಕ್ಕೆ 2,600 ಅಕ್ಷರಗಳ ಮಿತಿ. ಬಳಿಕ ಅನುಭವ, ಶಿಕ್ಷಣ, ಕೌಶಲಗಳು ಬರುವುವು. ಕೋಷ್ಟಕದಲ್ಲಿ ಅಡ್ಡಸಾಲಿಗೊಬ್ಬ ವ್ಯಕ್ತಿ, ಹೆಸರಿನ ಬದಲು ಕ್ರಮಸಂಖ್ಯೆ; ಕಂಬಸಾಲಿಗೊಂದು ಅಂಗ. ಪ್ರತಿ ಮನೆಯಲ್ಲಿಯೂ ಆ ಭಾಗ ಮಾಡುವ ಕಾರ್ಯವನ್ನು ಮಾತ್ರ ನಮ್ಮ ಮಾತಿನಲ್ಲಿ ಬರೆಯಬೇಕು: 'ಹುದ್ದೆಯ ಹೆಸರು, ಬಳಿಕ ದಾಖಲೆಗಳ ಬಗೆ', 'ಸಂಗ್ರಹದ ಗಾತ್ರ, ಅದರ ಕಾಲವ್ಯಾಪ್ತಿ', 'ಮುಗಿಸಿದ ಕೆಲಸ, ಅದರಿಂದ ಓದುಗರಿಗಾದ ಅನುಕೂಲ' ಎಂಬಂತೆ. ವಾಕ್ಯಗಳನ್ನು ನಕಲಿಸಿ ಇಡಕೂಡದು. ಒಮ್ಮೆ ನಕಲಿಸಿಟ್ಟ ವಾಕ್ಯ ಬರೆಯುವ ಹೊತ್ತಿಗೆ ಕೈಯೊಳಗೆ ನುಸುಳದೆ ಬಿಡುವುದಿಲ್ಲ. ಪಾರಿಭಾಷಿಕ ಪದಗಳನ್ನು ಮಾತ್ರ ಇದ್ದ ರೂಪದಲ್ಲಿಯೇ ಬೇರೊಂದು ಪಟ್ಟಿಯಲ್ಲಿ ಬರೆದು, ಎಷ್ಟು ಸಾಕ್ಷಿಗಳಲ್ಲಿ ಬಂದಿವೆಯೆಂದು ಎಣಿಸಬೇಕು. ಇದನ್ನೆಲ್ಲ ಕೈಯಿಂದಲೇ ಮಾಡತಕ್ಕದ್ದು. ಯಂತ್ರದ ಮೂಲಕ ಪರಿಚಯಗಳನ್ನು ಸಗಟಾಗಿ ಇಳಿಸಿಕೊಳ್ಳುವುದನ್ನು ಆ ತಾಣದ ಕರಾರು ನಿಷೇಧಿಸುತ್ತದೆ.

ನಮ್ಮ ಉದಾಹರಣೆಯಲ್ಲಿ ಫಲ ಹೀಗೆ ಬಂದಿತೆನ್ನೋಣ. 'ಅರೇಂಜ್‌ಮೆಂಟ್ ಅಂಡ್ ಡಿಸ್ಕ್ರಿಪ್ಷನ್', ಎಂದರೆ ದಾಖಲೆಗಳ ಜೋಡಣೆ ಮತ್ತು ವರ್ಣನೆ, 9ರಲ್ಲಿ 8 ಕಡೆ. 'ಫೈಂಡಿಂಗ್ ಏಡ್', ಎಂದರೆ ಓದುಗನು ಸಂಗ್ರಹದೊಳಗೆ ಹುಡುಕಲು ನೆರವಾಗುವ ಶೋಧಸೂಚಿ, 6 ಕಡೆ. 'ಮೆಟಾಡೇಟಾ' 7 ಕಡೆ. ಮೌಖಿಕ ಇತಿಹಾಸ 4 ಕಡೆ. ಇದೇ ಪದಗಳು ಇತ್ತೀಚಿನ ಮೂರುನಾಲ್ಕು ಉದ್ಯೋಗ ಪ್ರಕಟಣೆಗಳಲ್ಲಿಯೂ ಇವೆಯೇ ಎಂದು ನೋಡಬೇಕು. ಎರಡೂ ಕಡೆ ಇರುವ ಪದವೇ ಬೆಲೆಯುಳ್ಳದ್ದು. ಇಲ್ಲಿ ದೇಶಭೇದವನ್ನೂ ಮರೆಯಲಾಗದು. ಅಮೆರಿಕದವರು 'ಪ್ರೊಸೆಸಿಂಗ್' ಎಂದು ಹೇಳಿ ಸಂಗ್ರಹವನ್ನು ಅಡಿಗಳಲ್ಲಿ ಅಳೆಯುವ ಕೆಲಸವನ್ನು ಬ್ರಿಟನ್ನಿನವರು ಸಾಮಾನ್ಯವಾಗಿ 'ಕ್ಯಾಟಲಾಗಿಂಗ್' ಎಂದು ಹೇಳಿ ಮೀಟರುಗಳಲ್ಲಿ ಅಳೆಯುವರು. ಇಬ್ಬರ ಪರಿಚಯಗಳನ್ನೂ ಒಂದೇ ರಾಶಿಗೆ ಹಾಕಿ ಎಣಿಸಿದರೆ, ಒಂದೇ ಕೆಲಸ ಎರಡಾಗಿ ತೋರಿ ಎರಡೂ ಅಪರೂಪವೆಂಬ ಭ್ರಮೆ ಹುಟ್ಟುವುದು.

ಇನ್ನು ಮುಖ್ಯವಾದ ಹೆಜ್ಜೆ. ಪಟ್ಟಿಯ ಪ್ರತಿಯೊಂದು ಪದದ ಮುಂದೆಯೂ ವಿದ್ಯಾರ್ಥಿನಿ ಮೂರರಲ್ಲಿ ಒಂದು ಗುರುತನ್ನು ಹಾಕಬೇಕು: ಮಾಡಿದ್ದೇನೆ, ಓದಿ ತಿಳಿದಿದ್ದೇನೆ, ತಿಳಿಯದು. ಅವಳು ರಜೆಯಲ್ಲಿ ಮಲೆನಾಡಿನ ಒಂದು ಮನೆತನದ ಕಾಗದಪತ್ರಗಳನ್ನು ಪಟ್ಟಿಮಾಡಿಕೊಟ್ಟಿದ್ದಳು ಎನ್ನೋಣ: ಹುಣಿಸೆಬೀಜದ ಸರಿ ಬಳಿದು ಕಪ್ಪಾಗಿಸಿದ ಬಟ್ಟೆಯ ಮೇಲೆ ಬಳಪದಿಂದ ಬರೆದ 60 ಕಡತಗಳು, 1890ರಿಂದ 1947ರವರೆಗಿನ 412 ಪತ್ರಗಳು. ಪತ್ರಗಳನ್ನು ಮನೆಯವರು ಕಟ್ಟಿಟ್ಟಿದ್ದ ಕ್ರಮವನ್ನು ಕೆಡಿಸದೆಯೇ ಅವಳು ಪಟ್ಟಿಮಾಡಿದ್ದಳು. ಪತ್ರಾಗಾರಶಾಸ್ತ್ರದಲ್ಲಿ ಇದಕ್ಕೆ 'ಒರಿಜಿನಲ್ ಆರ್ಡರ್' ಎಂಬ ಹೆಸರುಂಟು. ತಾನು ಮಾಡಿದ ಕೆಲಸಕ್ಕೆ ಆ ಹೆಸರಿದೆಯೆಂಬುದು ಅವಳಿಗೆ ತಿಳಿದುದೇ ತುಲನೆಯಿಂದ. ಅಂದರೆ 'ಜೋಡಣೆ ಮತ್ತು ವರ್ಣನೆ' ಎಂಬುದು ಅವಳಿಗೆ ನ್ಯಾಯವಾಗಿ ಸಲ್ಲುವ ಪದ. ISAD(G) ಅವಳು ಓದಿ ತಿಳಿದದ್ದು. ಅದರ 26 ಅಂಶಗಳಲ್ಲಿ ಅಂತರರಾಷ್ಟ್ರೀಯ ವಿನಿಮಯಕ್ಕೆ ಅವಶ್ಯವೆಂದು ಎಣಿಸಿದವು ಆರು: ಸಂಕೇತಸಂಖ್ಯೆ, ಶೀರ್ಷಿಕೆ, ಸೃಷ್ಟಿಕರ್ತ, ಕಾಲ, ಪರಿಮಾಣ, ವರ್ಣನೆಯ ಸ್ತರ. ತನ್ನ 412 ಪತ್ರಗಳ ಸಂಗ್ರಹಕ್ಕೆ ಈ ಆರನ್ನೂ ಬರೆದು ನೋಡಿದರೆ, ಎರಡನೆಯ ಗುರುತು ಸಂಗ್ರಹದ ಸ್ತರದ ಮಟ್ಟಿಗಾದರೂ ಮೊದಲನೆಯದಾಗುತ್ತದೆ. 'ತಿಳಿಯದು' ಎಂಬ ಗುರುತಿನ ಪದಗಳು ಪರಿಚಯದೊಳಕ್ಕೆ ಬರಕೂಡದು. ಅವು ಮುಂದೆ ಕಲಿಯಬೇಕಾದುದರ ಪಟ್ಟಿ.

ಬರೆಯುವಾಗ ಇತರರ ಪುಟಗಳನ್ನೆಲ್ಲ ಮುಚ್ಚಿ, ಕೋಷ್ಟಕವನ್ನೊಂದೇ ಎದುರಿಗಿಟ್ಟುಕೊಳ್ಳಬೇಕು. ಅವಳ ಆತ್ಮಪರಿಚಯದ ಮೊದಲ ವಾಕ್ಯದ ಸಾರ ಹೀಗಿರಬಹುದು: 'ಮಲೆನಾಡಿನ ಒಂದು ಖಾಸಗಿ ಸಂಗ್ರಹದ 60 ಕಡತಗಳನ್ನೂ 412 ಪತ್ರಗಳನ್ನೂ ಅವುಗಳ ಮೂಲಕ್ರಮದಲ್ಲಿಯೇ ಉಳಿಸಿ, ಶೋಧಸೂಚಿಯನ್ನು ಸಿದ್ಧಪಡಿಸಿದ್ದೇನೆ; ಮೋಡಿ ಲಿಪಿಯನ್ನೂ ಓದಬಲ್ಲೆ.' ಸಂಗ್ರಹದ ಗಾತ್ರ, ಕೆಲಸ, ಫಲ ಎಂಬ ವಿನ್ಯಾಸ ಎಲ್ಲರದು. ಶೋಧಸೂಚಿ ಎಂಬ ಪದವೂ ಎಲ್ಲರದು. ಕಡತವೂ ಮೋಡಿಯೂ ಆ ಎರಡು ಸಂಖ್ಯೆಗಳೂ ಅವಳವು. ಒಂಬತ್ತು ಸಾಕ್ಷಿಗಳಲ್ಲಿ ಒಂದರಲ್ಲಿಯೂ ಮೋಡಿಯ ಮಾತು ಬಂದಿರಲಿಲ್ಲವೆನ್ನೋಣ. ಎಣಿಕೆಯಲ್ಲಿ ಸೊನ್ನೆಯಾದ ಆ ಪದವೇ ಮರಾಠರ ಕಾಲದ ದಾಖಲೆಗಳುಳ್ಳ ಪತ್ರಾಗಾರಕ್ಕೆ ಅವಳನ್ನು ತೋರಿಸಿಕೊಡಬಹುದು. ಬಹುಸಂಖ್ಯೆಯ ಪದಗಳನ್ನು ಮಾತ್ರ ಉಳಿಸಿಕೊಂಡು ಉಳಿದುದನ್ನು ಅಳಿಸುವವರು ಕಳೆದುಕೊಳ್ಳುವುದು ಇದನ್ನೇ.

ಬರೆದುದನ್ನು ಒಂದು ದಿನ ಬಿಟ್ಟು ಎರಡು ರೀತಿಯಲ್ಲಿ ಪರೀಕ್ಷಿಸಬೇಕು. ಮೊದಲನೆಯದಾಗಿ, ಪ್ರತಿ ವಾಕ್ಯದ ಮುಂದೆಯೂ ಬೇರೊಬ್ಬರ ಹೆಸರನ್ನು ಇಟ್ಟು ನೋಡುವುದು. ಆಗಲೂ ಅದು ನಿಜವಾಗಿಯೇ ಉಳಿದರೆ ಆ ವಾಕ್ಯ ಬರಿಯ ಪ್ರಶಸ್ತಿ, ಅದರಲ್ಲಿ ಚತುಸ್ಸೀಮೆಯಿಲ್ಲ. ಎರಡನೆಯದಾಗಿ, ಮೂಲಗಳನ್ನು ಮತ್ತೆ ತೆರೆದು, ಪಾರಿಭಾಷಿಕ ಪದಗಳನ್ನು ಬಿಟ್ಟು ಐದಾರು ಪದಗಳು ಒಂದೇ ಸಾಲಿನಲ್ಲಿ ಹೊಂದಿಬಂದಿವೆಯೇ ಎಂದು ನೋಡುವುದು. ಬಂದಿದ್ದರೆ ಆ ವಾಕ್ಯವನ್ನು ತಿದ್ದುವುದಕ್ಕಿಂತ ಅಳಿಸಿ ಹೊಸದಾಗಿ ಬರೆಯುವುದೇ ಲೇಸು. ಪರ್ಯಾಯಪದಗಳನ್ನು ತುರುಕಿದ ನಕಲು ನಕಲೇ.

ಈ ವಿಧಾನಕ್ಕೆ ಮಿತಿಗಳೂ ಉಂಟು. ನಾವು ಓದುವುದು ಹುದ್ದೆ ದೊರೆತವರ ಪರಿಚಯಗಳನ್ನು. ಅದೇ ಪದಗಳನ್ನು ಬರೆದೂ ಹುದ್ದೆ ದೊರೆಯದವರು ನಮ್ಮ ಎಣಿಕೆಗೆ ಬರುವುದಿಲ್ಲ. ಆದುದರಿಂದ ಸಮಾನಪದಗಳು ಆ ವೃತ್ತಿಯ ಭಾಷೆಯನ್ನು ತಿಳಿಸುವುವೇ ಹೊರತು ಯಶಸ್ಸಿನ ಕಾರಣವನ್ನಲ್ಲ. ಸರ್ಕಾರಿ ಪತ್ರಾಗಾರಗಳ ಖಾಯಂ ಹುದ್ದೆಗಳು ನೇಮಕಾತಿಯ ನಿಯಮಗಳಿಗೆ ಒಳಪಟ್ಟಿರುವುದರಿಂದ, ಅಲ್ಲಿ ನಿಗದಿಯಾದ ಅರ್ಹತೆಯೇ ಪ್ರಧಾನ.

ಹಲವು ತಾಮ್ರಶಾಸನಗಳನ್ನು ಫ್ಲೀಟರು ಕೂಟವೆಂದು ತಳ್ಳಿಹಾಕಿದ್ದು, ಅವುಗಳ ಪ್ರಶಸ್ತಿ ಇತರ ಶಾಸನಗಳನ್ನು ಹೋಲುತ್ತದೆಂಬ ಕಾರಣದಿಂದಲ್ಲ. ಲಿಪಿ ಹೇಳುವ ಕಾಲವೂ ಶಾಸನ ಹೇಳಿಕೊಳ್ಳುವ ಕಾಲವೂ ಕೂಡಿಬರಲಿಲ್ಲ, ತಿಥಿಗೂ ವಾರಕ್ಕೂ ಹೊಂದಿಕೆಯಾಗಲಿಲ್ಲ ಎಂಬಂತಹ ಕಾರಣಗಳಿಂದ. ಸಂದರ್ಶಕನೂ ಹಾಗೆಯೇ ಓದುವನು. ಬಳಸಿದ ಪದ ಎಲ್ಲರೂ ಬಳಸುವ ಪದವೆಂದು ಅವನು ಆಕ್ಷೇಪಿಸುವುದಿಲ್ಲ. ಆ ಪದದ ಹಿಂದೆ ಯಾವ ಊರಿನ ಯಾವ ಕಾಗದವಿದೆಯೆಂದು ಕೇಳುವನು.