ಯಾವ ಸಿಇಟಿ, ಯಾರ ಸಿಇಟಿ? ಮಾರ್ಗದರ್ಶನದ ವಿಡಿಯೋಗೆ ಹೆಸರಿಡುವ ಮುನ್ನ

ಮೇ ತಿಂಗಳಲ್ಲಿ ಬೋರ್ಡಿನ ಫಲಿತಾಂಶ ಬರುತ್ತಿದ್ದಂತೆ ಮುಂಬಯಿಯ ನಮ್ಮ ಕನ್ನಡ ಸಂಘಗಳಲ್ಲಿ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಶಿಬಿರಗಳು ಆರಂಭವಾಗುತ್ತವೆ. ಸಭಾಗೃಹಕ್ಕೆ ಬರಲಾಗದವರಿಗೂ ತಲುಪಲೆಂದು ಈಗ ಆ ಭಾಷಣಗಳನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುವುದೂ ರೂಢಿಯಾಗಿದೆ. ಭಾಷಣಕಾರರು ವಾರಗಟ್ಟಲೆ ತಯಾರಿ ಮಾಡಿರುತ್ತಾರೆ. ಆದರೆ ವಿಡಿಯೋದ ಶೀರ್ಷಿಕೆ, ಅದರ ಕೆಳಗಿನ ವಿವರಣೆ, ಟ್ಯಾಗುಗಳು, ಯಾವ ನಿಮಿಷದಲ್ಲಿ ಯಾವ ವಿಷಯವಿದೆ ಎಂಬ ಪಟ್ಟಿ, ಇವನ್ನು ಅಪ್‌ಲೋಡ್ ಮಾಡುವವರು ಕೊನೆಯ ಐದು ನಿಮಿಷಗಳಲ್ಲಿ ಬರೆದುಬಿಡುತ್ತಾರೆ. ಇವೆಲ್ಲಕ್ಕೂ ಸೇರಿ ಮೆಟಾಡೇಟಾ ಎನ್ನುತ್ತಾರೆ. ತಾಯಿತಂದೆಯರು ಮೊದಲು ಓದುವುದು ಇದನ್ನೇ, ಎಷ್ಟೋ ಸಲ ಇದನ್ನಷ್ಟೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಇಪ್ಪತ್ತೆರಡು ನಿಮಿಷದ ವಿಡಿಯೋ ಸಿದ್ಧವಾಗಿದೆ. ಅದರ ಶೀರ್ಷಿಕೆ ಹೀಗಿದೆ ಎನ್ನಿ:

```
ಪಿಯುಸಿ ನಂತರ ಮುಂದೇನು? CET, NEET, JEE ಸಂಪೂರ್ಣ ಮಾಹಿತಿ
```

ನೋಡಲು ಚೆನ್ನಾಗಿಯೇ ಇದೆ. ಆದರೆ ಮುಂಬಯಿಯ ಹುಡುಗ ಬರೆದದ್ದು ಪಿಯುಸಿ ಅಲ್ಲ, ಎಚ್‌ಎಸ್‌ಸಿ. ಅವನು ಹುಡುಕುವುದೂ ಆ ಹೆಸರಿನಿಂದಲೇ. ಇನ್ನು ಸಿಇಟಿ ಎಂಬ ಮೂರಕ್ಷರ ನಮ್ಮಲ್ಲಿ ಎರಡು ಊರಿನ ಮಾತು. ಹುಬ್ಬಳ್ಳಿಯ ಸೋದರಮಾವ ಸಿಇಟಿ ಎಂದರೆ ಅದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕೆಸಿಇಟಿ. ಡೊಂಬಿವಲಿಯ ಅಕ್ಕಪಕ್ಕದವರು ಹೇಳುವುದು ಮಹಾರಾಷ್ಟ್ರದ ರಾಜ್ಯ ಸಿಇಟಿ ಸೆಲ್ ನಡೆಸುವ ಎಂಎಚ್‌ಟಿ-ಸಿಇಟಿಯನ್ನು.

ಹೆಸರಿನಲ್ಲಷ್ಟೇ ಅಲ್ಲ, ಲೆಕ್ಕದಲ್ಲೂ ಇವೆರಡು ಬೇರೆ. ಕರ್ನಾಟಕದಲ್ಲಿ ಎಂಜಿನಿಯರಿಂಗ್ ರ್‍ಯಾಂಕಿಗೆ ಹನ್ನೆರಡನೆಯ ತರಗತಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳನ್ನು ಅರ್ಧ, ಸಿಇಟಿ ಅಂಕಗಳನ್ನು ಅರ್ಧ ಹಿಡಿಯುತ್ತಾರೆ. ಮಹಾರಾಷ್ಟ್ರದಲ್ಲಿ ಕನಿಷ್ಠ ಅರ್ಹತೆಗೆ ಬೋರ್ಡಿನ ಅಂಕ ಬೇಕಾದರೂ ಮೆರಿಟ್ ಪಟ್ಟಿ ಸಿದ್ಧವಾಗುವುದು ಸಿಇಟಿಯ ಪರ್ಸೆಂಟೈಲ್ ಮೇಲೆ. ಬೋರ್ಡಿನಲ್ಲಿ ಒಳ್ಳೆಯ ಅಂಕ ಬಂತು, ಸಿಇಟಿ ಹೇಗಾದರೂ ಆಗಲಿ ಎಂದು ನೆಮ್ಮದಿಯಿಂದಿರುವ ಮನೆಗೆ ಈ ವ್ಯತ್ಯಾಸ ಸಣ್ಣದಲ್ಲ.

ವೈದ್ಯಕೀಯದ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಹಿಂದೆ ಎರಡೂ ರಾಜ್ಯಗಳಲ್ಲಿ ಬಹಳ ವರ್ಷ ಎಂಬಿಬಿಎಸ್ ಸೀಟು ಸಿಇಟಿಯಿಂದಲೇ ಸಿಗುತ್ತಿತ್ತು. ತಾಯಿತಂದೆಯರ ನೆನಪಿನಲ್ಲಿ ಉಳಿದಿರುವುದು ಅದೇ. ಈಗ ಎಂಬಿಬಿಎಸ್ ಮತ್ತು ಬಿಡಿಎಸ್‌ಗೆ ನೀಟ್-ಯುಜಿ ಒಂದೇ ದಾರಿ. ಬಿಎಎಂಎಸ್, ಬಿಎಚ್‌ಎಂಎಸ್‌ಗೂ ಈಗ ಅದೇ. ಆದರೆ ನೀಟ್ ಬರೆದ ಮೇಲೆ ರಾಜ್ಯದ ಸೀಟು ಹಂಚುವ ಕೌನ್ಸೆಲಿಂಗ್ ನಡೆಸುವುದು ಮಹಾರಾಷ್ಟ್ರದಲ್ಲಿ ಅದೇ ಸಿಇಟಿ ಸೆಲ್, ಕರ್ನಾಟಕದಲ್ಲಿ ಅದೇ ಪರೀಕ್ಷಾ ಪ್ರಾಧಿಕಾರ. ಹಾಗಾಗಿ ವೈದ್ಯಕೀಯ ಪ್ರವೇಶದ ಪುಟದಲ್ಲಿ ಸಿಇಟಿ ಎಂಬ ಹೆಸರು ಕಂಡವರು, ಎಂಎಚ್‌ಟಿ-ಸಿಇಟಿಯ ಪಿಸಿಬಿ ಗುಂಪು ಬರೆದರೆ ಡಾಕ್ಟರಾಗಬಹುದೆಂದು ತಿಳಿಯುತ್ತಾರೆ. ಆ ಗುಂಪು ಬಿ.ಫಾರ್ಮಸಿ, ಕೃಷಿ ಮುಂತಾದ ಕೋರ್ಸುಗಳಿಗೆ. ಪಿಸಿಎಂ ಗುಂಪು ಎಂಜಿನಿಯರಿಂಗಿಗೆ, ಬಿ.ಫಾರ್ಮಸಿಗೂ ಸಲ್ಲುತ್ತದೆ. ಆದ್ದರಿಂದ ವಿವರಣೆಯಲ್ಲಿ ಪರೀಕ್ಷೆಯ ಹೆಸರನ್ನು ಒಂಟಿಯಾಗಿ ಬಿಡದೆ, ಅದರ ಪಕ್ಕದಲ್ಲೇ ಕೋರ್ಸಿನ ಹೆಸರನ್ನೂ ಬರೆಯಿರಿ.

ಇನ್ನೊಂದು ಮಾತು ಸಮಯದ್ದು. 2024ರ ಪಂಚಾಂಗ ನೋಡಿ. ಕೆಸಿಇಟಿ ಏಪ್ರಿಲ್ 18 ಮತ್ತು 19ರಂದು ನಡೆಯಿತು. ನೀಟ್ ಮೇ 5ರಂದು. ಎಂಎಚ್‌ಟಿ-ಸಿಇಟಿ ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ. ಎಚ್‌ಎಸ್‌ಸಿ ಫಲಿತಾಂಶ ಬಂದದ್ದು ಮೇ 21ಕ್ಕೆ. ಅಂದರೆ ಫಲಿತಾಂಶ ಬರುವ ಹೊತ್ತಿಗೆ ಈ ಪರೀಕ್ಷೆಗಳೆಲ್ಲ ಮುಗಿದಿದ್ದವು. "ಫಲಿತಾಂಶದ ನಂತರ ಯಾವ ಪರೀಕ್ಷೆ ಬರೆಯಬೇಕು?" ಎಂಬ ಶೀರ್ಷಿಕೆ ಆ ವರ್ಷದ ಮಕ್ಕಳಿಗೆ ನಿರಾಸೆಯನ್ನಷ್ಟೇ ಕೊಡುತ್ತಿತ್ತು. ಅವರಿಗೆ ಬೇಕಾದದ್ದು ಪ್ರವೇಶದ, ಕೌನ್ಸೆಲಿಂಗಿನ ಮಾಹಿತಿ. ಪರೀಕ್ಷೆಗಳ ಪರಿಚಯ ಬೇಕಾದದ್ದು ಹತ್ತನೆಯ ತರಗತಿ ಮುಗಿಸಿ ವಿಜ್ಞಾನ ಆರಿಸಿಕೊಳ್ಳುವವರಿಗೆ. ಒಂದೇ ವಿಡಿಯೋದಲ್ಲಿ ಇಬ್ಬರಿಗೂ ಹೇಳಿದ್ದರೆ ವಿವರಣೆಯಲ್ಲಿ ಬೇರೆಬೇರೆಯಾಗಿ ತಿಳಿಸಿ.

ಹೊರನಾಡ ಕನ್ನಡಿಗರಾದ ನಮಗೆ ಈ ಸಮಯದ ಮಾತು ವಿಶೇಷವಾಗಿ ತಟ್ಟುತ್ತದೆ. ಕರ್ನಾಟಕದಲ್ಲಿ ಓದದಿದ್ದರೂ, ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ಹೊರನಾಡ ಮಕ್ಕಳು ಅಲ್ಲಿನ ಸೀಟಿಗೆ ಅರ್ಹತೆ ಕೇಳಲು ಪರೀಕ್ಷಾ ಪ್ರಾಧಿಕಾರದ ನಿಯಮಗಳಲ್ಲಿ ಒಂದು ಕಲಮಿದೆ. ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. 2024ರಲ್ಲಿ ಅದು ಕೆಸಿಇಟಿಯ ಮರುದಿನ, ಏಪ್ರಿಲ್ 20ರಂದು ನಡೆಯಿತು. ಮೇ ಕೊನೆಯಲ್ಲಿ ವಿಡಿಯೋ ನೋಡಿ ಎಚ್ಚೆತ್ತುಕೊಂಡರೆ ಆ ವರ್ಷದ ಅವಕಾಶ ಹೋದಂತೆಯೇ. ಆದುದರಿಂದ ಈ ಭಾಗದ ಹೆಸರಿನಲ್ಲಿ "ಮುಂದಿನ ವರ್ಷದವರಿಗೆ" ಎಂದು ಸೇರಿಸುವುದು ಒಳ್ಳೆಯದು.

ಈಗ ಶೀರ್ಷಿಕೆಯನ್ನು ತಿದ್ದೋಣ. ಯೂಟ್ಯೂಬಿನಲ್ಲಿ ಶೀರ್ಷಿಕೆಗೆ 100 ಅಕ್ಷರಗಳ ಮಿತಿಯಿದೆ. ಮೊಬೈಲಿನಲ್ಲಿ ಅಷ್ಟೂ ಕಾಣದಿರಬಹುದಾದ್ದರಿಂದ ಯಾರಿಗಾಗಿ ಎಂಬುದು ಮೊದಲೇ ಬರಲಿ:

```
Maharashtra HSC Science ನಂತರ: MHT-CET, NEET, JEE ಪ್ರವೇಶ ಹೇಗೆ?
```

ವಿವರಣೆಯಲ್ಲೂ ಮೇಲಿನ ಒಂದೆರಡು ಸಾಲುಗಳಷ್ಟೇ ತೆರೆಯದೆ ಕಾಣುತ್ತವೆ. ಸಂಘದ ಪರಿಚಯ, ವಂದನಾರ್ಪಣೆ ಕೆಳಗಿರಲಿ. ಮೇಲೆ ವಿಡಿಯೋ ಯಾರಿಗೆ, ಯಾವ ವರ್ಷದ ಪ್ರವೇಶಕ್ಕೆ, ಮಾಹಿತಿಯನ್ನು ಯಾವ ದಿನ ಪರಿಶೀಲಿಸಿದ್ದು ಎಂಬುದಿರಲಿ. ಆಮೇಲೆ ನಿಮಿಷಗಳ ಪಟ್ಟಿ:

```
0:00 ಈ ವಿಡಿಯೋ ಯಾರಿಗೆ
1:40 MHT-CET: B.E., B.Tech., B.Pharm.
7:15 NEET-UG: MBBS, BDS, BAMS, BHMS
12:30 JEE Main: NIT / JEE Advanced: IIT
17:10 KCET, ಹೊರನಾಡ ಕನ್ನಡಿಗರು (ಮುಂದಿನ ವರ್ಷದವರಿಗೆ)
```

ಈ ಪಟ್ಟಿ ಅಧ್ಯಾಯಗಳಾಗಿ ಕೆಲಸ ಮಾಡಬೇಕಾದರೆ ಮೊದಲ ಸಾಲು 0:00 ಆಗಿರಬೇಕು, ಕನಿಷ್ಠ ಮೂರು ಸಾಲುಗಳಿರಬೇಕು, ಪ್ರತಿ ಭಾಗವೂ 10 ಸೆಕೆಂಡಿಗೆ ಕಡಿಮೆಯಿರಬಾರದು. ಜೆಇಇಯ ಎರಡು ಹೆಸರುಗಳನ್ನೂ ಬರೆದಿರುವುದನ್ನು ಗಮನಿಸಿ. ಐಐಟಿಯ ಬಿ.ಟೆಕ್‌ಗೆ ಮೇನ್ ಒಂದೇ ಸಾಲದು, ಅದರಲ್ಲಿ ಅರ್ಹರಾಗಿ ಅಡ್ವಾನ್ಸ್ಡ್ ಬರೆಯಬೇಕು.

ಟ್ಯಾಗುಗಳಿಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಜನ ತಪ್ಪು ಕಾಗುಣಿತದಲ್ಲಿ ಹುಡುಕುವ ಪದಗಳಿಗೆ ಮುಖ್ಯವಾಗಿ ಅವು ಉಪಯೋಗ. mhtcet, mht cet, ಎಂಎಚ್‌ಟಿ ಸಿಇಟಿ, ಇಷ್ಟಿದ್ದರೆ ಸಾಕು. ಭಾಷಣದಲ್ಲಿ ಬಾರದ ಕ್ಲಾಟ್, ಎನ್‌ಡಿಎ ಹೆಸರುಗಳನ್ನು ತುಂಬಬೇಡಿ. ದಾರಿ ತಪ್ಪಿಸುವ ಮೆಟಾಡೇಟಾ ಯೂಟ್ಯೂಬಿನ ನಿಯಮಕ್ಕೂ ವಿರುದ್ಧ. ನಿಂತುಹೋದ ಎಐಇಇಇ, ಎಐಪಿಎಂಟಿ ಹೆಸರುಗಳೂ ಬೇಡ.

ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ಯೂಟ್ಯೂಬ್ ಸ್ಟುಡಿಯೋದ ಅನಾಲಿಟಿಕ್ಸ್ ವಿಭಾಗದಲ್ಲಿ ಜನ ಯಾವ ಪದ ಹುಡುಕಿ ಬಂದರೆಂಬುದನ್ನೂ, ಎಷ್ಟು ಹೊತ್ತು ನೋಡಿದರೆಂಬುದನ್ನೂ ಕಾಣಬಹುದು. ಕೆಸಿಇಟಿ ಎಂದು ಹುಡುಕಿ ಬಂದವರು ಬಹಳ ಮಂದಿಯಿದ್ದು, ಮೊದಲ ನಿಮಿಷದಲ್ಲೇ ನೋಡುಗರ ಗೆರೆ ಕುಸಿದಿದ್ದರೆ ಶೀರ್ಷಿಕೆ ಬೇರೆಯವರನ್ನು ಕರೆಯುತ್ತಿದೆ ಎಂದು ಅನುಮಾನಿಸಿ. ಶೀರ್ಷಿಕೆ, ವಿವರಣೆ ಎರಡನ್ನೂ ಪ್ರಕಟಿಸಿದ ಮೇಲೂ ತಿದ್ದಬಹುದು.

ಅದಕ್ಕೂ ಮುನ್ನ ಒಂದು ಸುಲಭದ ಪರೀಕ್ಷೆಯಿದೆ. ಹನ್ನೆರಡನೆಯ ತರಗತಿಯ ಒಬ್ಬ ವಿದ್ಯಾರ್ಥಿಗೆ ಶೀರ್ಷಿಕೆಯನ್ನೂ ನಿಮಿಷಗಳ ಪಟ್ಟಿಯನ್ನೂ ತೋರಿಸಿ. ವಿಡಿಯೋ ನೋಡದೆಯೇ ಇದು ಯಾವ ಬೋರ್ಡಿನವರಿಗೆ, ಯಾವ ಪರೀಕ್ಷೆಯಿಂದ ಯಾವ ಕೋರ್ಸು ಎಂದು ಆತ ಹೇಳಬಲ್ಲನಾದರೆ ಪ್ರಕಟಿಸಿ.