ಪ್ಲಗ್ ಕಿತ್ತರೂ ಉಳಿಯುವ ಶಾಕ್

ವಾಷಿಂಗ್ ಮಷೀನ್ ಗುಂಯ್ ಎನ್ನುತ್ತದೆ, ಬಟ್ಟೆ ಮಾತ್ರ ತಿರುಗುವುದಿಲ್ಲ. ಅನುಮಾನ ಮೊದಲು ಹೋಗುವುದು ಮೋಟರಿನ ಕೆಪಾಸಿಟರ್ ಮೇಲೆ. ಪ್ಲಗ್ ಕಿತ್ತ ಮಾತ್ರಕ್ಕೆ ಅದನ್ನು ಮುಟ್ಟುವಂತಿಲ್ಲ. ಅದರೊಳಗೆ 300 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು.

ಸಾಮಾನ್ಯವಾಗಿ ಮೋಟರಿನ ವೈಂಡಿಂಗ್ ಮೂಲಕವೇ ಈ ಚಾರ್ಜ್ ಇಳಿದುಹೋಗುತ್ತದೆ. ಆದರೆ ವೈಂಡಿಂಗ್ ಸುಟ್ಟಿದ್ದರೆ, ವೈರ್ ಕಡಿದಿದ್ದರೆ ಅದಕ್ಕೆ ದಾರಿಯೇ ಇಲ್ಲ. ಅಂದರೆ ರಿಪೇರಿಗೆ ಬಂದ ಮಷೀನಿನಲ್ಲೇ ಅಪಾಯ ಹೆಚ್ಚು.

ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಅಭ್ಯಾಸ ಬೇಡ: ತುದಿ ಕರಗುತ್ತದೆ, ಕೆಪಾಸಿಟರ್ ಒಳಗಿನ ಜೋಡಣೆಯೂ ಹಾಳಾಗಬಹುದು. 10 ಕಿಲೋ ಓಮ್, 5 ವಾಟ್‌ನ ರೆಸಿಸ್ಟರ್‌ಗೆ ಇನ್ಸುಲೇಷನ್ ಇರುವ ಕ್ಲಿಪ್ ವೈರ್ ಜೋಡಿಸಿ, ಲೋಹ ಮುಟ್ಟದೆ, ಎರಡೂ ಟರ್ಮಿನಲ್‌ಗೆ ಹಿಡಿಯಬೇಕು. 10 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಅರ್ಧ ಸೆಕೆಂಡಿನಲ್ಲೇ ಬಹುತೇಕ ಬರಿದಾಗುತ್ತದೆ. ಆದರೂ ಐದು ಸೆಕೆಂಡ್ ಹಿಡಿಯುವುದು ಒಳ್ಳೆಯದು. ಆಮೇಲೆ ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ, ಸೊನ್ನೆ ಕಂಡ ಮೇಲಷ್ಟೇ ವೈರ್ ಬಿಚ್ಚಬೇಕು.

ಈಗ ಮೀಟರ್ ಕೆಪಾಸಿಟೆನ್ಸ್‌ಗೆ. ಮೈಮೇಲೆ 10, ಶೇ. 5 ಹೆಚ್ಚುಕಡಿಮೆ ಎಂದಿದ್ದರೆ 9.5ರಿಂದ 10.5ರೊಳಗೆ ಬರಬೇಕು. 6.8 ತೋರಿಸಿದರೆ ಗುಂಯ್‌ಗುಡುವಿಕೆಗೆ ಕಾರಣ ಸಿಕ್ಕಂತೆ. ಹೊಟ್ಟೆ ಉಬ್ಬಿದ್ದರೆ ಅಂಕಿ ಸರಿಯಿದ್ದರೂ ಬದಲಿಸಬೇಕು, ಏಕೆಂದರೆ ಮೀಟರ್ ಪರೀಕ್ಷಿಸುವುದು ಕೆಲವೇ ವೋಲ್ಟ್‌ನಲ್ಲಿ. ಹೊಸದಕ್ಕೂ ಅದೇ ಮೈಕ್ರೋಫ್ಯಾರಡ್ ಇರಲಿ. ವೋಲ್ಟೇಜ್ ಹಳೆಯದಕ್ಕಿಂತ ಕಡಿಮೆ ಇರಬಾರದು.